ಸೊಂಟ ನೋವಿದ್ದರೆ ಹೇಗೆ ಮಲಗಬೇಕು, ಮೊಣಕಾಲುಗಳ ನಡುವಿನ ದಿಂಬು ಎಲ್ಲಿರಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡೊಂಬಿವಲಿಯಲ್ಲಿ ಫಿಸಿಯೋಥೆರಪಿಸ್ಟ್. ಕನ್ನಡದಲ್ಲಿ ಮಾತಾಡಬಹುದು ಅಂತ ಗೊತ್ತಾದ ಮೇಲೆ ಠಾಣೆ, ಮುಲುಂಡ್, ಕಲ್ಯಾಣದ ಕಡೆಯ ನಮ್ಮವರು ಹುಡುಕಿಕೊಂಡು ಬರುತ್ತಾರೆ. ಹೋಟೆಲಿನಲ್ಲಿ ದಿನವಿಡೀ ನಿಲ್ಲುವವರು, ಲೋಕಲ್ ಟ್ರೇನಿನಲ್ಲಿ ನಿಂತೇ ಓಡಾಡುವವರು, ಮನೆಯ ಅಡುಗೆ ಮುಗಿಸಿ ಇನ್ನೆರಡು ಮನೆಗೆ ಡಬ್ಬಾ ಕಟ್ಟುವವರು. ಹಗಲು ಹೇಗೋ ಕಳೆಯುತ್ತದೆ, ರಾತ್ರಿಯೇ ಕಷ್ಟ ಅನ್ನುವುದು ಇವರಲ್ಲಿ ಹೆಚ್ಚಿನವರ ಮಾತು. ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಸೊಂಟ ನೋವಿಗೆ ಯಾವ ಭಂಗಿಯಲ್ಲಿ ಮಲಗುವುದು ಒಳ್ಳೆಯದು?

ಹೆಚ್ಚಿನವರಿಗೆ ಒಗ್ಗುವುದು ಇದು: ಒಂದು ಮಗ್ಗುಲಾಗಿ, ಮೊಣಕಾಲು ಸ್ವಲ್ಪ ಮಡಚಿ, ಎರಡು ಕಾಲುಗಳ ನಡುವೆ ಮೊಣಕಾಲಿನಿಂದ ಹಿಮ್ಮಡಿಯ ಗಂಟಿನವರೆಗೆ ಬರುವ ಉದ್ದ ದಿಂಬು ಇಟ್ಟುಕೊಂಡು ಮಲಗುವುದು. ಆದರೆ ಅದಕ್ಕೂ ಮೊದಲು ನಾನು ಒಂದು ಮಾತು ಕೇಳುತ್ತೇನೆ: "ಒಂದೇ ಬೆರಳಿನಲ್ಲಿ ತೋರಿಸಿ, ಎಲ್ಲಿ ನೋವು?"

ಯಾಕೆಂದರೆ ಕನ್ನಡದ "ಸೊಂಟ" ಬಹಳ ದೊಡ್ಡ ಜಾಗ. ಬೆನ್ನಿನ ಕೆಳಭಾಗವೂ ಸೊಂಟ, ಬಿಂದಿಗೆ ಇಟ್ಟುಕೊಳ್ಳುವ ಪಕ್ಕವೂ ಸೊಂಟ. ಹುಬ್ಬಳ್ಳಿ ಕಡೆಯವರು "ನಡಾ ನೋಯ್ತದ" ಅಂದರೂ ಹಾಗೇ, ಇಲ್ಲಿಯ ಡಾಕ್ಟರ ಮುಂದೆ ಹಿಂದಿಯಲ್ಲಿ "ಕಮರ್" ಅಂದರೂ ಹಾಗೇ. ಬೆರಳು ಮಾತ್ರ ಸರಿಯಾದ ಜಾಗಕ್ಕೆ ಹೋಗುತ್ತದೆ. ಬೆನ್ನೆಲುಬಿನ ಪಕ್ಕಕ್ಕೆ, ಬೆಲ್ಟ್ ಕಟ್ಟುವ ಸಾಲಿಗೆ ಹೋದರೆ ಅದು ಬೆನ್ನಿನ ನೋವು. ತೊಡೆಸಂದಿಗೆ ಹೋದರೆ, ಜೊತೆಗೆ ಚಕ್ಕಳಮಕ್ಕಳ ಹಾಕಿ ಕೂರಲು, ಕಾಲಿನ ಉಗುರು ಕತ್ತರಿಸಲು ಕಷ್ಟವಾಗಿದ್ದರೆ, ತೊಡೆ ಎಲುಬು ಸೇರುವ ಕೀಲಿನ ಮೇಲೆಯೇ ಅನುಮಾನ. ಪಕ್ಕದಲ್ಲಿ, ಸೀರೆಯ ನೆರಿಗೆಗಿಂತ ಒಂದು ಗೇಣು ಕೆಳಗೆ ಹೊರಗಡೆ, ಕೈಗೆ ಗಟ್ಟಿಯಾಗಿ ಸಿಗುವ ಎಲುಬಿನ ಉಬ್ಬಿನ ಮೇಲೆ ಬೆರಳು ನಿಂತರೆ ಅದು ಮೂರನೆಯ ಬಗೆ. ಮೊಣಕಾಲ ನಡುವಿನ ದಿಂಬು ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಈ ಮೂರನೆಯದಕ್ಕೆ. ಹಾಗಾಗಿ ಇಲ್ಲಿ ಹೆಚ್ಚು ಬರೆದಿರುವುದೂ ಅದರ ಬಗ್ಗೆಯೇ.

ಆ ಪಕ್ಕದ ಉಬ್ಬಿನ ನೋವು ರಾತ್ರಿಯೇ ಯಾಕೆ ಜಾಸ್ತಿ?

ಪೃಷ್ಠದ ಸ್ನಾಯುಗಳಲ್ಲಿ ಎರಡು ಈ ಉಬ್ಬಿನ ಮೇಲೆ ಬಂದು ಅಂಟಿಕೊಳ್ಳುತ್ತವೆ. ಅಂಟುವ ಕಡೆ ಸ್ನಾಯು ಹಗ್ಗದಂಥ ನಾರು ಆಗಿರುತ್ತದೆ. ಅದರ ಮೇಲಿನಿಂದ ಸೊಂಟದಿಂದ ಮೊಣಕಾಲಿನವರೆಗೆ ಒಂದು ಅಗಲ ಪಟ್ಟಿ ಹಾದುಹೋಗುತ್ತದೆ. ತೊಡೆ ದೇಹದ ನಡುಗೆರೆ ದಾಟಿ ಆಚೆ ಹೋದಾಗ ಆ ಪಟ್ಟಿ ಬಿಗಿದು ಕೆಳಗಿನ ನಾರನ್ನು ಎಲುಬಿಗೆ ಒತ್ತುತ್ತದೆ. ಈಗ ಮಗ್ಗುಲಾಗಿ ಮಲಗಿದವರ ಮೇಲಿನ ಕಾಲನ್ನು ನೋಡಿ. ದಿಂಬಿಲ್ಲದಿದ್ದರೆ ಮೊಣಕಾಲು ಮುಂದಕ್ಕೆ ಬಿದ್ದು ಹಾಸಿಗೆ ಮುಟ್ಟುತ್ತದೆ, ತೊಡೆ ನಡುಗೆರೆ ದಾಟುತ್ತದೆ. ಹಗಲು ಒಂದೆರಡು ನಿಮಿಷ ಆಗುವ ಒತ್ತು ರಾತ್ರಿ ಗಂಟೆಗಟ್ಟಲೆ ನಿಲ್ಲುತ್ತದೆ. ಕೆಳಗಿನ ಕಾಲಿಗೆ ಬೇರೆ ತೊಂದರೆ: ಅದರ ಉಬ್ಬಿನ ಮೇಲೆ ದೇಹದ ಭಾರವೇ ಕೂತಿರುತ್ತದೆ.

ಇದನ್ನು ಹಿಂದೆ ಎಲ್ಲರೂ ಬರ್ಸೈಟಿಸ್ ಅಂತಿದ್ದರು, ಅಂದರೆ ಅಲ್ಲಿಯ ನೀರಿನ ಚೀಲದ ಉರಿಯೂತ. ಈಗ ಹೆಚ್ಚಿನವರಲ್ಲಿ ಆ ನಾರೇ ಬಳಲಿರುತ್ತದೆ ಅಂತ ತಿಳಿದಿದೆ. 40ರಿಂದ 60ರ ನಡುವಿನ ಹೆಂಗಸರಲ್ಲಿ ಜಾಸ್ತಿ.

ಮೇಲಿನ ಕಾಲು ಮುಂದಕ್ಕೆ ಬಿದ್ದಾಗ ಸೊಂಟದ ಎಲುಬು ಅದರ ಹಿಂದೆಯೇ ತಿರುಗುತ್ತದೆ, ಎದೆ ಮಾತ್ರ ಇದ್ದಲ್ಲೇ ಇರುತ್ತದೆ. ನಡುವೆ ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಳ್ಳುವುದು ಬೆನ್ನಿನ ಕೆಳಭಾಗ. ಬೆನ್ನು ನೋವಿನವರಿಗೂ ಇದೇ ದಿಂಬು ಹಿತವಾಗಲು ಕಾರಣ ಇದು.

ದಿಂಬನ್ನು ಸರಿಯಾಗಿ ಎಲ್ಲಿ, ಎಷ್ಟು ಎತ್ತರಕ್ಕೆ ಇಡಬೇಕು?

ನಾನು ನೋಡುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಯೇ. ಸೋಫಾದ ಪುಟ್ಟ ಕುಶನ್ ಒಂದನ್ನು ಮೊಣಕಾಲ ಗಂಟುಗಳ ನಡುವೆ ಸಿಕ್ಕಿಸಿಕೊಂಡು, "ಮಾಡಿ ನೋಡಿದೆ ಮೇಡಂ, ಪ್ರಯೋಜನ ಇಲ್ಲ" ಅನ್ನುತ್ತಾರೆ. ಗಂಟಿಗೆ ಮಾತ್ರ ಆಸರೆ ಸಿಕ್ಕಿದರೆ ಪಾದ ಕೆಳಗೆ ಜೋತು ಬೀಳುತ್ತದೆ. ಜೋತ ಪಾದ ಇಡೀ ತೊಡೆಯನ್ನು ಕೀಲಿನಲ್ಲಿ ತಿರುಗಿಸುತ್ತದೆ, ಮೊಣಕಾಲಿನ ಹೊರಬದಿಯನ್ನೂ ಎಳೆಯುತ್ತದೆ. ಬೆಳಿಗ್ಗೆ ಏಳುವಾಗ ಹಳೆಯ ನೋವಿನ ಜೊತೆ ಮೊಣಕಾಲಿನ ಹೊಸ ನೋವೂ ಸೇರಿರುತ್ತದೆ. ಹಾಗಾಗಿ ದಿಂಬು ಮೊಣಕಾಲಿಗಿಂತ ನಾಲ್ಕು ಬೆರಳು ಮೇಲಿನಿಂದ ಶುರುವಾಗಿ ಹಿಮ್ಮಡಿಯ ಗಂಟಿನವರೆಗೆ ಹೋಗಬೇಕು. ಮನೆಯ ಸಾಮಾನ್ಯ ತಲೆದಿಂಬನ್ನು ಅಡ್ಡಕ್ಕಲ್ಲದೆ ಉದ್ದಕ್ಕೆ ಇಟ್ಟರೆ ಹೆಚ್ಚಿನವರಿಗೆ ಅಷ್ಟು ಉದ್ದ ಸಾಕು.

ಎತ್ತರಕ್ಕೆ ಅಳತೆ ದಿಂಬಿನದಲ್ಲ, ಕಾಲಿನದು. ಮೇಲಿನ ಕಾಲಿನ ಸೊಂಟದ ಉಬ್ಬು, ಮೊಣಕಾಲು, ಹಿಮ್ಮಡಿಯ ಗಂಟು ಮೂರೂ ಹಾಸಿಗೆಯಿಂದ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿ ಇರಬೇಕು. ನೀವೇ ನೋಡಿಕೊಳ್ಳಲು ಆಗುವುದಿಲ್ಲ. ಮನೆಯವರು ಕಾಲಿನ ಕಡೆ ನಿಂತು ಫೋನಿನಲ್ಲಿ ಒಂದು ಫೋಟೊ ತೆಗೆದರೆ ಗೊತ್ತಾಗುತ್ತದೆ. ತೊಡೆ ಮೊಣಕಾಲಿನ ಕಡೆಗೆ ಇಳಿಜಾರಾಗಿದ್ದರೆ ದಿಂಬು ತೆಳು. ಏರುತ್ತಿದ್ದರೆ ದಪ್ಪ. ಒತ್ತಿಕೊಂಡ ಮೇಲೆ ಉಳಿಯುವ ದಪ್ಪ ಸಾಮಾನ್ಯವಾಗಿ 8ರಿಂದ 12 ಸೆಂಟಿಮೀಟರ್ ಬೇಕಾಗುತ್ತದೆ. ಅಂಗಡಿಯಲ್ಲಿ ಉಬ್ಬಿಕೊಂಡು ಕಾಣುವ ಫೈಬರ್ ದಿಂಬು ಕಾಲಿನ ಭಾರಕ್ಕೆ ಅರ್ಧಕ್ಕೆ ಇಳಿಯುತ್ತದೆ. ನನಗೆ ಇಷ್ಟವಾದದ್ದು ನಮ್ಮ ಹಳೆಯ ಕೌದಿ. ಅದನ್ನು ಮಡಿಕೆ ಹೆಚ್ಚಿಸಿ, ಕಡಿಮೆ ಮಾಡಿ ಬೇಕಾದ ದಪ್ಪಕ್ಕೆ ತರಬಹುದು, ಬೆಳಗಿನ ತನಕ ತಗ್ಗುವುದಿಲ್ಲ.

ಮೊಣಕಾಲನ್ನು ಹೊಟ್ಟೆಗೆ ಹತ್ತುವಷ್ಟು ಮಡಚಬೇಡಿ. ಕುರ್ಚಿಯಲ್ಲಿ ಕೂತಾಗಿನ ಮಡಿಕೆಯ ಅರ್ಧ ಸಾಕು. ಎರಡು ಮೊಣಕಾಲೂ ಒಂದರ ಮೇಲೊಂದು ನೇರ ಇರಲಿ, ಮೇಲಿನದು ಮುಂದೆ ಜಾರದಿರಲಿ. ಎದೆಯ ಮುಂದೆ ಇನ್ನೊಂದು ದಿಂಬನ್ನು ತಬ್ಬಿಕೊಂಡರೆ ಮೇಲಿನ ಭುಜವೂ ಮುಂದೆ ಹೊರಳುವುದಿಲ್ಲ. ಸೊಂಟ ಸಣ್ಣ, ಪೃಷ್ಠ ಅಗಲ ಇರುವವರಿಗೆ ಪಕ್ಕೆಯ ಕೆಳಗೆ ಹಾಸಿಗೆಯ ಮೇಲೆ ಒಂದು ಸಂದು ಉಳಿಯುತ್ತದೆ. ಕೈ ಒರೆಸುವ ಟವೆಲ್ ಸುತ್ತಿ ಆ ಸಂದಿಗೆ ಇಟ್ಟರೆ ಬೆನ್ನು ಕೆಳಗೆ ಬಾಗುವುದು ನಿಲ್ಲುತ್ತದೆ. ಸಂದು ಇಲ್ಲದವರಿಗೆ ಇದು ಬೇಡ.

ನೋವಿರುವ ಮಗ್ಗುಲು ಮೇಲೆ ಇರಬೇಕೋ ಕೆಳಗೋ?

ಮೇಲೆ. ಆದರೆ ದಿಂಬಿನ ಜೊತೆಗೇ. ಬರೀ ಮಗ್ಗುಲು ಬದಲಿಸಿ ದಿಂಬು ಬಿಟ್ಟರೆ ಭಾರದ ಒತ್ತು ಹೋಗಿ ಪಟ್ಟಿಯ ಒತ್ತು ಬರುತ್ತದೆ. "ಎಡಕ್ಕೆ ಮಲಗಿದರೂ ಬಲಗಡೆಯೇ ನೋಯ್ತದೆ" ಅನ್ನುವವರ ಕಥೆ ಇದೇ.

ಎರಡೂ ಕಡೆ ನೋವಿದ್ದರೆ ಅಂಗಾತ ಮಲಗುವುದು ಉತ್ತಮ. ಅದೂ ಆಗದಿದ್ದರೆ ಹಾಸಿಗೆಯ ಮೇಲೆ ಎರಡು ಮೂರು ಇಂಚಿನ ಮೆತ್ತನೆಯ ಫೋಮ್ ಅಥವಾ ನಾಲ್ಕು ಮಡಿಕೆಯ ಕೌದಿ ಹಾಸಿ.

ಒಬ್ಬರ ಉದಾಹರಣೆ ಹೇಳುತ್ತೀರಾ?

ಅಡುಗೆ ಕೆಲಸಕ್ಕೆ ಹೋಗುವ 54 ವರ್ಷದ ಅಕ್ಕ ಒಬ್ಬರು ಬಂದಿದ್ದರು. ಐದು ತಿಂಗಳಿಂದ ಬಲ ಸೊಂಟದಲ್ಲಿ ನೋವು. ರಾತ್ರಿ ಎರಡು ಗಂಟೆಗೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. ಮೊದಲು ತೋರಿಸಿದ ಕಡೆ ಅವರು "ಕಮರ್ ಮೇ ದರ್ದ್" ಅಂದಿದ್ದರು. ಬೆನ್ನಿನ ಎಂಆರ್‌ಐ ಆಯಿತು, ಡಿಸ್ಕ್ ಸ್ವಲ್ಪ ಉಬ್ಬಿದೆ ಅಂತ ಬಂತು. ಆ ವಯಸ್ಸಿನಲ್ಲಿ ನೋವೇ ಇಲ್ಲದ ಎಷ್ಟೋ ಜನರಲ್ಲೂ ಹಾಗೆ ಕಾಣುತ್ತದೆ. ಬೆಲ್ಟ್ ಕಟ್ಟಿಕೊಂಡರು, ಗಟ್ಟಿ ನೆಲದ ಮೇಲೆ ಚಾಪೆ ಹಾಸಿ ಮಲಗತೊಡಗಿದರು. ನೋವು ಹೆಚ್ಚಾಯಿತು.

ನಾನು ಬೆರಳಿಟ್ಟು ತೋರಿಸಿ ಅಂದಾಗ ಬೆರಳು ನೇರ ಆ ಪಕ್ಕದ ಉಬ್ಬಿಗೆ ಹೋಯಿತು. ಗೋಡೆಗೆ ಒಂದು ಬೆರಳು ತಾಗಿಸಿಕೊಂಡು ಬಲಗಾಲ ಮೇಲೆ 30 ಸೆಕೆಂಡ್ ನಿಲ್ಲಲು ಹೇಳಿದೆ. 15 ಎಣಿಸುವುದರೊಳಗೆ "ಇದೇ, ಇದೇ ನೋವು" ಅಂದರು. ಬೆನ್ನು ಹಿಂದೆ ಮುಂದೆ ಬಾಗಿಸಿದಾಗ ಆ ನೋವು ಬರಲಿಲ್ಲ. ತೊಡೆ ತಿರುಗಿಸಿದಾಗ ತೊಡೆಸಂದಿನಲ್ಲೂ ನೋವಿಲ್ಲ.

ಮಲಗಿ ತೋರಿಸಲು ಹೇಳಿದೆ. ಎಡ ಮಗ್ಗುಲು, ಬಲ ಮೊಣಕಾಲು ಪೂರ್ತಿ ಮುಂದೆ ಬಿದ್ದು ಹಾಸಿಗೆಗೆ ತಾಗಿತ್ತು. ಮೊದಲ ವಾರ ಒಂದು ಹತ್ತಿ ದಿಂಬು ಇಟ್ಟೆವು. ಎಚ್ಚರವಾಗುವುದು ನಿಲ್ಲಲಿಲ್ಲ. ಮಗಳು ಕಳಿಸಿದ ಫೋಟೊದಲ್ಲಿ ಕಾರಣ ಕಂಡಿತು: ಹಳೆಯ ಹತ್ತಿ ನಡುವೆ ಗಂಟುಗಟ್ಟಿ ದಿಂಬು ತಗ್ಗಿತ್ತು, ತೊಡೆ ಇಳಿಜಾರಾಗಿಯೇ ಇತ್ತು. ದಿಂಬಿನ ಜೊತೆ ಕೌದಿಯನ್ನು ಮಡಚಿ ಒಂದೇ ಕವರಿನಲ್ಲಿ ತುಂಬಿದರು. ಚಾಪೆ ಬಿಟ್ಟು ಮಂಚಕ್ಕೆ ಬಂದರು. ಎರಡನೆಯ ವಾರದ ಕೊನೆಗೆ ಬೆಳಗಿನ ಐದರವರೆಗೆ ನಿದ್ದೆ.

ಹಗಲಿನದ್ದೂ ಇತ್ತು. ಒಲೆಯ ಮುಂದೆ ಅವರು ಬಲಗಾಲಿಗೆ ಭಾರ ಹಾಕಿ ಸೊಂಟ ಪಕ್ಕಕ್ಕೆ ತಳ್ಳಿಕೊಂಡು ನಿಲ್ಲುತ್ತಿದ್ದರು, ಭಜನೆಯಲ್ಲಿ ಎರಡೂ ಕಾಲನ್ನು ಒಂದೇ ಕಡೆ ಮಡಚಿ ಕೂರುತ್ತಿದ್ದರು. ಎರಡರಲ್ಲೂ ಆಗುವುದು ರಾತ್ರಿಯದ್ದೇ ಒತ್ತು. ಅದನ್ನು ಬಿಡಿಸಿ ಪೃಷ್ಠದ ಸ್ನಾಯುಗಳಿಗೆ ನಿಧಾನವಾಗಿ ಬಲ ತುಂಬುವ ವ್ಯಾಯಾಮ ಶುರುಮಾಡಿದೆವು. ಒಂದು ಕಾಲಿನ ಮೇಲೆ 30 ಸೆಕೆಂಡ್ ನೋವಿಲ್ಲದೆ ನಿಲ್ಲಲು ಅವರಿಗೆ ಮೂರು ತಿಂಗಳು ಬೇಕಾಯಿತು.

ಅಂದರೆ ದಿಂಬಿನಿಂದಲೇ ನೋವು ವಾಸಿಯಾಗುವುದಿಲ್ಲವೇ?

ಇಲ್ಲ. ದಿಂಬು ಗಾಯದ ಮೇಲೆ ಮತ್ತೆ ಮತ್ತೆ ಬೀಳುವ ಪೆಟ್ಟನ್ನು ತಡೆಯುತ್ತದೆ, ನಾರಿಗೆ ಬಲ ಕೊಡುವುದಿಲ್ಲ. 2018ರಲ್ಲಿ ಆಸ್ಟ್ರೇಲಿಯಾದಲ್ಲಿ ಇದೇ ನೋವಿರುವ 204 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಬಂತು. ಒತ್ತು ಬೀಳದಂತೆ ನಿಲ್ಲುವ, ಕೂರುವ ಕ್ರಮ ಕಲಿಸಿ ವ್ಯಾಯಾಮ ಮಾಡಿಸಿದವರು ಎಂಟು ವಾರದ ಹೊತ್ತಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡವರಿಗಿಂತ ಚೆನ್ನಾಗಿದ್ದರು. ದಿಂಬಿನ ಫಲ ಎರಡು ಮೂರು ವಾರದಲ್ಲಿ ನಿದ್ದೆಯಲ್ಲಿ ಕಾಣಬೇಕು. ಸರಿಯಾಗಿ ಇಟ್ಟೂ ಅಷ್ಟರಲ್ಲಿ ಏನೂ ಬದಲಾಗದಿದ್ದರೆ ನೋವಿನ ಮೂಲ ಬೇರೆ ಇರಬಹುದು. ತೋರಿಸಿ.

ರಾತ್ರಿ ದಿಂಬು ಜಾರಿ ಹೋಗುತ್ತದೆ. ಏನು ಮಾಡಲಿ?

ಎಲ್ಲರಿಗೂ ಜಾರುತ್ತದೆ. ನಿದ್ದೆಯಲ್ಲಿ ಹೊರಳುವುದು ತಪ್ಪಲ್ಲ, ಹೊರಳಲೇಬೇಕು. ನುಣುಪು ಕವರಿನ ಬದಲು ಹತ್ತಿ ಬಟ್ಟೆಯ ಕವರ್ ಹಾಕಿ. ಮುಂಬಯಿಯ ಸೆಕೆಗೆ ಬೆವರೂ ಹೀರುತ್ತದೆ. ದಿಂಬಿನ ನಡುವಿಗೆ ಹಳೆಯ ದುಪಟ್ಟಾ ಸುತ್ತಿ ಕೆಳಗಿನ ತೊಡೆಗೆ ಸಡಿಲವಾಗಿ ಕಟ್ಟಿಕೊಳ್ಳುವವರಿದ್ದಾರೆ, ಎರಡು ಬೆರಳು ಸುಲಭವಾಗಿ ಒಳಹೋಗುವಷ್ಟು ಸಡಿಲ ಇರಲಿ. ಮಗ್ಗುಲು ಬದಲಿಸುವಾಗ ಮೊಣಕಾಲುಗಳಿಂದ ದಿಂಬನ್ನು ಹಿಡಿದುಕೊಂಡು, ಭುಜ ಸೊಂಟ ಎರಡನ್ನೂ ಒಟ್ಟಿಗೆ ಮರದ ದಿಮ್ಮಿಯಂತೆ ಹೊರಳಿಸಿ. ಹತ್ತು ದಿನದಲ್ಲಿ ಮೈಗೆ ರೂಢಿಯಾಗುತ್ತದೆ.

ಒಂದೇ ಕೋಣೆಯ ಮನೆ, ಹಾಸಿಗೆಯಲ್ಲಿ ಮಕ್ಕಳೂ ಇರುತ್ತಾರೆ, ಜಾಗವಿಲ್ಲ ಅನ್ನುವವರು ಗೋಡೆಯ ಪಕ್ಕ ಮಲಗಿ. ಬೆನ್ನಿಗೆ ಗೋಡೆ ಆಸರೆಯಾದರೆ ಎದೆಯ ಮುಂದಿನ ದಿಂಬು ಇಲ್ಲದೆಯೂ ನಡೆಯುತ್ತದೆ.

ಅಂಗಾತ ಮಲಗಿದರೆ?

ಬೆನ್ನು ನೋವಿನ ಬಹಳ ಜನರಿಗೆ ಚೆನ್ನಾಗಿ ಹೊಂದುತ್ತದೆ. ಆಗ ದಿಂಬು ಮೊಣಕಾಲಿನ ಕೆಳಗೆ ಹೋಗಬೇಕು. ಕಾಲು ಪೂರ್ತಿ ಚಾಚಿದಾಗ ತೊಡೆಯ ಮುಂದಿನ ಸ್ನಾಯುಗಳು ಬೆನ್ನೆಲುಬನ್ನು ಮುಂದಕ್ಕೆ ಎಳೆದು ಸೊಂಟದ ಕೆಳಗೆ ಕಮಾನು ಮಾಡುತ್ತವೆ. ಮೊಣಕಾಲು ಸ್ವಲ್ಪ ಎತ್ತಿದರೆ ಆ ಎಳೆತ ಸಡಿಲವಾಗುತ್ತದೆ. ನಡೆಯುವಾಗ ಕಾಲು ಜೋಮು ಹಿಡಿದು, ಬಗ್ಗಿ ಕೂತರೆ ಆರಾಮ ಅನಿಸುವ ವಯಸ್ಸಾದವರಿಗೆ ಇದು ವಿಶೇಷವಾಗಿ ಹಿತ. ಅವರಲ್ಲಿ ನರದ ದಾರಿ ಇಕ್ಕಟ್ಟಾಗಿರುತ್ತದೆ, ಕಮಾನು ಕಡಿಮೆಯಾದಷ್ಟೂ ನರಕ್ಕೆ ಜಾಗ ಸಿಗುತ್ತದೆ.

ಮೊಣಕಾಲಿನ ಕೀಲು ಬದಲಿಸಿಕೊಂಡವರು ಮಾತ್ರ ಮೊಣಕಾಲಿನ ಕೆಳಗೆ ದಿಂಬಿಟ್ಟು ರಾತ್ರಿ ಕಳೆಯಬಾರದು, ಕಾಲು ನೇರವಾಗದೆ ಉಳಿದುಬಿಡಬಹುದು. ಸೊಂಟದ ಕೀಲು ಬದಲಿಸಿಕೊಂಡವರು ಹೇಗೆ ಮಲಗಬೇಕು ಅನ್ನುವುದನ್ನು ಸರ್ಜನ್ ಹೇಳಿದಂತೆಯೇ ನಡೆಸಿ. ಅಲ್ಲಿ ಕಾಲು ನಡುಗೆರೆ ದಾಟಿದರೆ ಕೀಲೇ ಜಾರುವ ಅಪಾಯ ಇರುತ್ತದೆ.

ಬೋರಲು ಮಲಗಿದರೆ ಮಾತ್ರ ನಿದ್ದೆ ಬರುತ್ತದೆ ಅನ್ನುವವರು?

ತೆಳುವಾದ ದಿಂಬನ್ನು ಹೊಟ್ಟೆಯ ಕೆಳಗೆ ಇಟ್ಟುಕೊಳ್ಳಿ, ತಲೆಗೆ ದಿಂಬು ಬೇಡ. ಕತ್ತು ತಿರುಗಿಯೇ ಇರಬೇಕಾದ್ದರಿಂದ ನಾನು ಇದನ್ನು ಸಲಹೆ ಮಾಡುವುದಿಲ್ಲ.

ಬೆನ್ನಿಗೆ ಗಟ್ಟಿ ನೆಲವೇ ಒಳ್ಳೆಯದು ಅಂತ ಹಿರಿಯರು ಹೇಳುತ್ತಾರಲ್ಲ?

ನಮ್ಮ ಮನೆಯಲ್ಲೂ ಹಾಗೇ ಹೇಳುತ್ತಿದ್ದರು. ಸ್ಪೇನಿನಲ್ಲಿ ದೀರ್ಘಕಾಲದ ಬೆನ್ನು ನೋವಿನ 313 ಜನರಿಗೆ ಗಟ್ಟಿ ಹಾಸಿಗೆ ಮತ್ತು ಮಧ್ಯಮ ಗಟ್ಟಿಯ ಹಾಸಿಗೆ ಹಂಚಿ ನೋಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಮಧ್ಯಮ ಹಾಸಿಗೆಯವರಿಗೆ ನೋವು ಹೆಚ್ಚು ಇಳಿದಿತ್ತು. ಮಗ್ಗುಲಾಗಿ ಮಲಗುವವರಿಗೆ ನೆಲ ಇನ್ನೂ ಕೆಟ್ಟದ್ದು, ಭುಜ ಮತ್ತು ಸೊಂಟದ ಉಬ್ಬು ಒಳಗೆ ಇಳಿಯಲು ಜಾಗವೇ ಇರುವುದಿಲ್ಲ. ಹಾಗಂತ ಜೋಳಿಗೆಯಂತೆ ತಗ್ಗಾದ ಹಾಸಿಗೆಯೂ ಬೇಡ. ಹತ್ತಿ ಹಾಸಿಗೆಯಾದರೆ ಇಲ್ಲಿಯ ಮಳೆಗಾಲದ ತೇವಕ್ಕೆ ಗಂಟುಗಟ್ಟುತ್ತದೆ. ಮಳೆ ಮುಗಿದ ಮೇಲೆ ಬಿಸಿಲಿಗೆ ಹಾಕಿ, ಬೇಕಾದರೆ ಹತ್ತಿ ಹಿಂಜಿಸಿ.

ಬಸುರಿಯರಿಗೆ?

28 ವಾರ ತುಂಬಿದ ಮೇಲೆ ಮಗ್ಗುಲಾಗಿ ಮಲಗಿಯೇ ನಿದ್ದೆಗೆ ಜಾರುವುದು ಒಳ್ಳೆಯದು, ಎಡವಾದರೂ ಸರಿ ಬಲವಾದರೂ ಸರಿ. ಕಾಲ ನಡುವಿನ ದಿಂಬು ಮೇಲೆ ಹೇಳಿದಂತೆಯೇ, ಜೊತೆಗೆ ಹೊಟ್ಟೆಯ ಕೆಳಗೆ ಒಂದು ತೆಳು ದಿಂಬು.

ಯಾವಾಗ ದಿಂಬು ಬಿಟ್ಟು ಡಾಕ್ಟರ ಬಳಿಗೆ ಓಡಬೇಕು?

ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಮಲಮೂತ್ರದ ಜಾಗದ ಸುತ್ತ ಮರಗಟ್ಟಿದರೆ, ಪಾದ ಎತ್ತಲು ಬಾರದಾದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಿ. ವಯಸ್ಸಾದವರು ಬಿದ್ದ ಮೇಲೆ ತೊಡೆಸಂದಿನಲ್ಲಿ ನೋವು ಬಂದು ಕಾಲೂರಲು ಆಗದಿದ್ದರೂ ಹಾಗೇ.

ಹೇಗೆ ಮಲಗಿದರೂ ಬದಲಾಗದ ನೋವಿನ ಬಗ್ಗೆ ಎಚ್ಚರವಿರಲಿ. ಅದರ ಜೊತೆ ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಇದ್ದರೆ ಬೆನ್ನೆಲುಬಿನ ಕ್ಷಯವನ್ನು ತಪಾಸಣೆ ಮಾಡಿಸಲೇಬೇಕು. ಹಿಂದೆ ಕ್ಯಾನ್ಸರ್ ಆಗಿದ್ದವರೂ ತಡಮಾಡಬಾರದು. ಇನ್ನು ಇಪ್ಪತ್ತು ಮೂವತ್ತರ ಹುಡುಗರು: ಬೆಳಗಿನ ಜಾವ ನೋವಿಗೆ ಎಚ್ಚರ, ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಬಿಗಿತ, ಓಡಾಡಿದರೆ ಆರಾಮ, ಸುಮ್ಮನಿದ್ದರೆ ಜಾಸ್ತಿ. ಇದು ಭಂಗಿಯ ನೋವಲ್ಲ, ಕೀಲುಗಳ ಉರಿಯೂತ ಇರಬಹುದು. ಅವರು ದಿಂಬು ಬದಲಿಸುತ್ತಾ ವರ್ಷ ಕಳೆಯದೆ ಸಂಧಿವಾತ ತಜ್ಞರನ್ನು ನೋಡಬೇಕು.

ಊರಿಗೆ ಹೋಗುವ ಸ್ಲೀಪರ್ ಬಸ್ಸಿನಲ್ಲಿ ಏನು ಮಾಡುವುದು?

ಮಂಗಳೂರಿಗೋ ಹುಬ್ಬಳ್ಳಿಗೋ ಹೊರಟರೆ ರಾತ್ರಿಯಿಡೀ ಇಕ್ಕಟ್ಟು, ಮೇಲೆ ಕುಲುಕಾಟ. ದೊಡ್ಡ ದಿಂಬು ಹೊರುವುದು ಬೇಡ. ಒಂದು ದಪ್ಪ ಚಾದರವನ್ನು ಉದ್ದಕ್ಕೆ ಸುತ್ತಿ ತಲೆದಿಂಬಿನ ಕವರಿಗೆ ತುಂಬಿ ಒಯ್ಯಿರಿ. ನೋವಿರುವ ಮಗ್ಗುಲು ಮೇಲೆ ಬಂದಾಗ ಬೆನ್ನು ಬಸ್ಸಿನ ಗೋಡೆಗೆ ಒರಗುವಂತೆ ತಲೆಯ ದಿಕ್ಕು ಆರಿಸಿಕೊಳ್ಳಿ. ಊಟಕ್ಕೆ ನಿಲ್ಲಿಸಿದಾಗ ಹಸಿವಿಲ್ಲದಿದ್ದರೂ ಇಳಿದು ಐದು ನಿಮಿಷ ನಡೆಯಿರಿ. ಏಳುವಾಗ ನೇರ ಎದ್ದು ಕೂರಬೇಡಿ: ಮೊಣಕಾಲು ಎರಡನ್ನೂ ಒಟ್ಟಿಗೆ ಅಂಚಿನಿಂದ ಕೆಳಗೆ ಬಿಡುತ್ತಾ, ಕೈಯಿಂದ ಒತ್ತಿ ಮಗ್ಗುಲಿನಿಂದಲೇ ಮೇಲೇಳಿ. ಮೇಲಿನ ಬರ್ತ್ ಸಿಕ್ಕಿದ್ದರೆ ಕೆಳಗಿನವರನ್ನು ಕೇಳಿ ಬದಲಿಸಿಕೊಳ್ಳಿ. ಏಣಿ ಹತ್ತುವಾಗ ಇಡೀ ಮೈಭಾರ ಒಂದೇ ಕಾಲಿನ ಮೇಲೆ ಬರುತ್ತದೆ, ಆ ಪಕ್ಕದ ಉಬ್ಬಿಗೆ ಅದು ಚೆನ್ನಾಗಿ ಗೊತ್ತಾಗುತ್ತದೆ.